ಊಟ ಬಿಟ್ಟರೆ ಉಪವಾಸ ಆಯಿತೇ? ಒಂದು ಹಳೆಯ ಚರ್ಚೆಯ ಹಿನ್ನೆಲೆ

ರಕ್ತ ಪರೀಕ್ಷೆಗೆ ಹೋಗುವವರು ರಾತ್ರಿಯಿಂದ 10-12 ಗಂಟೆ ಏನೂ ತಿನ್ನದೆ ಇರುತ್ತಾರೆ. ರಂಜಾನ್‌ನಲ್ಲಿ ಉಪವಾಸ ಹಿಡಿದವರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ತಿನ್ನದೆ ಇರುತ್ತಾರೆ. ಇಬ್ಬರ ಹೊಟ್ಟೆಯೂ ಖಾಲಿ. ಹಾಗಾದರೆ ಮೊದಲನೆಯದನ್ನು ಯಾಕೆ ಯಾರೂ ಧರ್ಮದ ಉಪವಾಸ ಅನ್ನುವುದಿಲ್ಲ? ಈ ಪ್ರಶ್ನೆಗೆ ಧರ್ಮಶಾಸ್ತ್ರ ಬಲ್ಲವರು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದಾರೆ. ಅವರು ಕೊಟ್ಟ ಉತ್ತರ ಸುಮ್ನೆ 'ಮನಸ್ಸು ಮುಖ್ಯ' ಅನ್ನುವ ಮಾತಲ್ಲ. ಮನಸ್ಸು ಮಾಡಬೇಕಾದ್ದು ಎಷ್ಟು ಗಂಟೆಯೊಳಗೆ ಅನ್ನುವವರೆಗೂ ಅವರು ಲೆಕ್ಕ ಹಾಕಿದ್ದಾರೆ.

ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನಲ್ಲಿ ಉಪವಾಸಗಳಿಗೆಂದೇ ಒಂದು ಭಾಗ ಇದೆ. ಮಳೆ ಬಾರದಿದ್ದಾಗ ಊರೆಲ್ಲ ಸೇರಿ ಉಪವಾಸ ಮಾಡುವುದೇ ಅದರ ಮುಖ್ಯ ವಿಷಯ. ಒಬ್ಬೊಬ್ಬರೇ ಹಿಡಿಯುವ ಉಪವಾಸದ ಚರ್ಚೆಯೂ ಅಲ್ಲಿದೆ. 3ನೇ ಶತಮಾನದಲ್ಲಿ ಬ್ಯಾಬಿಲೋನಿನಲ್ಲಿದ್ದ ಶ್ಮುವೇಲ್ ಎಂಬ ಗುರು ಒಂದು ನಿಯಮ ಹೇಳುತ್ತಾರೆ. ನಾಳೆ ಉಪವಾಸ ಎಂದು ಹಿಂದಿನ ದಿನ ಹಗಲಿರುವಾಗಲೇ ಒಪ್ಪಿಕೊಳ್ಳದಿದ್ದರೆ ಅದು ಉಪವಾಸ ಅಲ್ಲ. ಹಾಗೆ ಒಪ್ಪಿಕೊಳ್ಳದೆ ದಿನವಿಡೀ ಹಸಿದು ಕೂತವನ ಗತಿ? ಅವನು ಗಾಳಿ ತುಂಬಿದ ತಿದಿಯ ಹಾಗೆ ಎಂದು ಅಲ್ಲೇ ಇನ್ನೊಬ್ಬ ಗುರು ಹೇಳುತ್ತಾರೆ. ಕುಲುಮೆಯ ಮುಂದಿನ ತಿದಿಯಲ್ಲಿ ಗಾಳಿ ತುಂಬುತ್ತದೆ, ಹೋಗುತ್ತದೆ. ಬೇರೇನೂ ಇಲ್ಲ.

ಇಸ್ಲಾಂನಲ್ಲಿ ಈ ವಿಷಯ ಇನ್ನೂ ಸೂಕ್ಷ್ಮವಾಗಿ ಬೆಳೆಯಿತು. ರಂಜಾನ್ ಉಪವಾಸ ಕಡ್ಡಾಯವಾದದ್ದು ಹಿಜರಿ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ. ದೇವರ ಭಯಭಕ್ತಿ ಬರಲಿ ಎಂದು ಉಪವಾಸ ವಿಧಿಸಲಾಗಿದೆ ಎಂದು ಕುರ್‌ಆನ್ ಕಾರಣ ಕೊಡುತ್ತದೆ. ಆದರೆ ಉಪವಾಸದ ಮನಸ್ಸು ಯಾವಾಗ ಮಾಡಬೇಕು? ಇದಕ್ಕೆ ಮುಂದಿನ ತಲೆಮಾರಿನವರ ಕೈಗೆ ಬೇರೆ ಬೇರೆ ವರದಿಗಳು ಸಿಕ್ಕವು.

ಒಂದು ವರದಿ ಪ್ರವಾದಿ ಮುಹಮ್ಮದರ ಪತ್ನಿ ಹಫ್ಸಾ ಅವರದು. ಬೆಳಗಾಗುವ ಮೊದಲೇ ನಿಶ್ಚಯಿಸದವನಿಗೆ ಉಪವಾಸ ಇಲ್ಲ ಎಂದು ಅದು ಹೇಳುತ್ತದೆ. ಇನ್ನೊಂದು ಪ್ರವಾದಿಯವರ ಇನ್ನೊಬ್ಬ ಪತ್ನಿ ಆಯಿಷಾ ಅವರದು. ಪ್ರವಾದಿಯವರು ಒಂದು ದಿನ ಮನೆಗೆ ಬಂದು ತಿನ್ನಲು ಏನಾದರೂ ಇದೆಯೇ ಎಂದು ಕೇಳಿದರು. ಏನೂ ಇರಲಿಲ್ಲ. 'ಹಾಗಾದರೆ ನಾನು ಉಪವಾಸ' ಎಂದರು. ಈ ಎರಡನೆಯ ಪ್ರಸಂಗ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಮನೆಯಲ್ಲಿ ಊಟ ಇಲ್ಲದಿರುವುದು ಒಂದು ಕ್ಷಣದ ಹಿಂದೆ ಬರೀ ಇಲ್ಲದಿರುವಿಕೆ ಆಗಿತ್ತು. ಒಂದು ಮಾತಿನಿಂದ ಅದೇ ಹಸಿವು ಉಪವಾಸ ಆಯಿತು. ಹೊಟ್ಟೆಯಲ್ಲಿ ಏನೂ ಬದಲಾಗಿರಲಿಲ್ಲ ಅಲ್ವಾ?

ಮೂರನೆಯ ವರದಿ ಆಶೂರಾ, ಅಂದರೆ ಮುಹರಂ ತಿಂಗಳ 10ನೇ ದಿನದ್ದು. ಅವತ್ತು ಪ್ರವಾದಿಯವರು ಜನರಲ್ಲಿ ಒಂದು ಸಾರುವಿಕೆ ಮಾಡಿಸಿದರು. ಈಗಾಗಲೇ ಉಂಡವರು ಉಳಿದ ಹೊತ್ತು ಏನೂ ತಿನ್ನದಿರಲಿ, ಇನ್ನೂ ಉಣ್ಣದವರು ಉಪವಾಸ ಹಿಡಿಯಲಿ ಎಂದು. ಅಂದರೆ ಹಗಲು ಶುರುವಾದ ಮೇಲೂ ಮನಸ್ಸು ಮಾಡಬಹುದು ಎಂದಾಯಿತು.

ಈ ವರದಿಗಳನ್ನು ಜೋಡಿಸುವಾಗ ಪಂಥಗಳು ಕವಲೊಡೆದವು. ಇಮಾಮ್ ಅಬೂ ಹನೀಫಾ (ನಿಧನ 767) ಅವರ ಪಂಥ ಆಶೂರಾದ ವರದಿಗೆ ತೂಕ ಕೊಟ್ಟಿತು. ರಂಜಾನ್ ಉಪವಾಸಕ್ಕೂ ಹಗಲಿನ ಅರ್ಧ ಮುಗಿಯುವ ಮೊದಲು ನಿಯ್ಯತ್, ಅಂದರೆ ಉಪವಾಸದ ನಿಶ್ಚಯ, ಮಾಡಿದರೆ ಸಾಕು ಎಂದಿತು. ಇಮಾಮ್ ಶಾಫಿಈ (ನಿಧನ 820) ಅವರ ಪಂಥ ಇದನ್ನು ಒಪ್ಪಲಿಲ್ಲ. ಆಶೂರಾ ಉಪವಾಸ ಕಡ್ಡಾಯವೇ ಆಗಿರಲಿಲ್ಲ, ಅದನ್ನು ರಂಜಾನ್‌ಗೆ ಹಚ್ಚಬಾರದು ಎಂದಿತು. ಅವರ ಪ್ರಕಾರ ರಂಜಾನ್‌ನ ಪ್ರತಿ ರಾತ್ರಿಯೂ ಬೇರೆ ಬೇರೆ ನಿಯ್ಯತ್ ಬೇಕು. ಇಷ್ಟಪಟ್ಟು ಹಿಡಿಯುವ ಉಪವಾಸಕ್ಕೆ ಮಾತ್ರ ಆಯಿಷಾ ಅವರ ವರದಿಯಂತೆ ಹಗಲಿನಲ್ಲೂ ಮಾಡಬಹುದು. ಮಾಲಿಕಿ ಪಂಥದವರು ಇಡೀ ತಿಂಗಳಿಗೆ ಶುರುವಿನಲ್ಲೇ ಒಂದು ನಿಯ್ಯತ್ ಸಾಕು ಎಂದರು.

ಇದು ನಮ್ಮ ರಾಜ್ಯಕ್ಕೂ ಸೇರಿದ ಮಾತು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪಂಥದವರು. ಒಳನಾಡಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಭಟ್ಕಳದ ಹುಡುಗನೊಬ್ಬ, ಕಲಬುರಗಿಯ ಹನಫಿ ಹುಡುಗನೊಬ್ಬ ಬೆಂಗಳೂರಿನ ಒಂದೇ ರೂಮಿನಲ್ಲಿದ್ದಾರೆ ಎಂದುಕೊಳ್ಳಿ. ಸುಸ್ತಾಗಿ ಸಂಜೆಯೇ ಮಲಗಿಬಿಟ್ಟರು. ರಂಜಾನ್ ಶುರುವಿನ ಚಂದ್ರ ಕಂಡದ್ದು ಇಬ್ಬರಿಗೂ ಗೊತ್ತಾಗಲಿಲ್ಲ, ನಾಳೆಯ ಉಪವಾಸದ ಯೋಚನೆಯೂ ಬರಲಿಲ್ಲ. ಎಚ್ಚರವಾದಾಗ ಬೆಳಿಗ್ಗೆ 8 ಗಂಟೆ. ಇಬ್ಬರೂ ಏನೂ ತಿಂದಿಲ್ಲ. ಉಪವಾಸ ಶುರುವಾಗುವ ನಸುಕು, ಅಂದರೆ ಫಜ್ರ್, 5:10ಕ್ಕೆ, ಸೂರ್ಯ ಮುಳುಗುವುದು 6:30ಕ್ಕೆ ಎಂದಿಟ್ಟುಕೊಂಡರೆ ಉಪವಾಸದ ಹಗಲು 13 ಗಂಟೆ 20 ನಿಮಿಷ. ಅದರ ನಡು 11:50. ಕಲಬುರಗಿಯವನು ಅದಕ್ಕೆ ಮೊದಲು ಮನಸ್ಸು ಮಾಡಿದರೆ ಅವನ ಉಪವಾಸ ಪೂರ್ತಿ. ಭಟ್ಕಳದವನು ತಿಂಗಳ ಗೌರವಕ್ಕಾಗಿ ಸಂಜೆವರೆಗೂ ಏನೂ ತಿನ್ನಬಾರದು. ಆದರೂ ಆ ದಿನ ಲೆಕ್ಕಕ್ಕಿಲ್ಲ. ರಂಜಾನ್ ಮುಗಿದ ಮೇಲೆ ಇನ್ನೊಂದು ಉಪವಾಸ ಹಿಡಿದು ತೀರಿಸಬೇಕು. ಹಸಿವು ಅಷ್ಟೇ, ಹೊತ್ತು ಅಷ್ಟೇ.

ಇದನ್ನು ಬಾಯಲ್ಲಿ ಹೇಳಲೇಬೇಕೇ? ಬೇಡ, ನಿಯ್ಯತ್‌ನ ಜಾಗ ಹೃದಯ ಎಂದು ಪಂಡಿತರು ಹೇಳುತ್ತಾರೆ. ಉಪವಾಸಕ್ಕೆಂದು ನಸುಕಿನ ಮುಂಚಿನ ಊಟವಾದ ಸಹರಿಗೆ ಎದ್ದು ಉಂಡರೆ ಅದೇ ನಿಯ್ಯತ್ ಆಗುತ್ತದೆ.

ಜೈನರಲ್ಲಿ ಇದೇ ಕೆಲಸವನ್ನು ಪ್ರತ್ಯಾಖ್ಯಾನ, ಅಂದರೆ ಬಿಡುವ ಪ್ರತಿಜ್ಞೆ, ಮಾಡುತ್ತದೆ. ಅಲ್ಲಿ ಉಪವಾಸದ ಗುರಿ ಬೇರೆ. ಅಂಟಿದ ಕರ್ಮ ಉದುರಬೇಕು. ಶ್ವೇತಾಂಬರರಲ್ಲಿ ಸೂರ್ಯ ಹುಟ್ಟಿ 48 ನಿಮಿಷದವರೆಗೆ ಏನೂ ತಿನ್ನದಿರುವ ನವಕಾರಶಿ ಎಂಬ ಸಣ್ಣ ವ್ರತ ಇದೆ. ತಡವಾಗಿ ಏಳುವವರೆಲ್ಲ ದಿನಾ ಇದನ್ನು ತಮಗೇ ಗೊತ್ತಿಲ್ಲದೆ ಮಾಡಿರುತ್ತಾರೆ. ಆದರೆ ಪ್ರತ್ಯಾಖ್ಯಾನ ಮಾಡದಿದ್ದರೆ ಅದು ವ್ರತ ಅಲ್ಲ. ಆ ಪ್ರತಿಜ್ಞೆಯ ಮಾತಿನಲ್ಲೇ ವಿನಾಯಿತಿಗಳೂ ಇವೆ. ಮರೆತು ತಿಂದರೆ, ಅಥವಾ ತಾನಾಗಿ ಏನಾದರೂ ಬಾಯಿಗೆ ಬಿದ್ದರೆ ವ್ರತ ಮುರಿಯುವುದಿಲ್ಲ. ಹನಫಿ, ಶಾಫಿಈ ಪಂಥಗಳಲ್ಲೂ ಮರೆತು ಉಂಡವನ ಉಪವಾಸ ಉಳಿಯುತ್ತದೆ. ಇದೂ ಅದೇ ತರ್ಕ. ಊಟ ಹೊಟ್ಟೆಗೆ ಹೋಗಿದೆ, ನಿಶ್ಚಯ ಮುರಿದಿಲ್ಲ.

ಏಕಾದಶಿಯಲ್ಲಿ ಸಂಕಲ್ಪದ ಜೊತೆಗೆ ಮುಗಿಸುವುದಕ್ಕೂ ಅಷ್ಟೇ ಬೆಲೆ. ಭಾಗವತದ ಅಂಬರೀಷನ ಕತೆ ನೋಡಿ. ದ್ವಾದಶಿ ಮುಗಿಯಲು ಅರ್ಧ ಮುಹೂರ್ತ, ಅಂದರೆ 24 ನಿಮಿಷ ಉಳಿದಿದೆ. ಅಷ್ಟರಲ್ಲಿ ಪಾರಣೆ ಆಗದಿದ್ದರೆ ವ್ರತ ಕೆಡುತ್ತದೆ. ಅತಿಥಿಯಾದ ದೂರ್ವಾಸರು ನದಿಯಿಂದ ಬಂದಿಲ್ಲ, ಅವರಿಗಿಂತ ಮೊದಲು ಉಣ್ಣುವಂತಿಲ್ಲ. ಬ್ರಾಹ್ಮಣರು ನೀರು ಕುಡಿ ಎಂದರು. ನೀರು ಉಂಡ ಹಾಗೂ ಹೌದು, ಉಣ್ಣದ ಹಾಗೂ ಹೌದು ಎನ್ನುವುದು ಅವರ ತೀರ್ಮಾನ. ಇನ್ನೂ ಹಸಿದೇ ಇದ್ದರೂ ಒಂದು ಗುಟುಕಿನಿಂದ ಅರಸನ ಉಪವಾಸ ಮುಗಿಯಿತು.

ಈಗ ತೂಕ ಇಳಿಸಲು ದಿನಕ್ಕೆ 16 ಗಂಟೆ ಊಟ ಬಿಡುವವರು ಜಾಸ್ತಿ. ರಂಜಾನ್ ಹಿಡಿಯುವವರಿಗೂ ತೂಕ ಇಳಿಯಲಿ ಅನ್ನುವ ಆಸೆ ಇರಬಹುದು. ಎರಡೂ ಮನಸ್ಸಿನಲ್ಲಿದ್ದರೆ ಏನಾಗುತ್ತದೆ? ಇದೂ ಹೊಸ ಪ್ರಶ್ನೆ ಅಲ್ಲ. ಕೈರೋದ ಪಂಡಿತ ಸುಯೂತಿ (ನಿಧನ 1505) ಉಪವಾಸದ ಜೊತೆ ಪಥ್ಯವನ್ನೂ ಉದ್ದೇಶಿಸಿದವನ ಬಗ್ಗೆ ಚರ್ಚಿಸಿದ್ದಾರೆ. ಭಿನ್ನಾಭಿಪ್ರಾಯ ಇದ್ದರೂ ಉಪವಾಸ ಊರ್ಜಿತ ಎನ್ನುವುದೇ ಹೆಚ್ಚು ಸರಿ ಎಂದು ಒಪ್ಪಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ. ಪಥ್ಯದ ಲಾಭ ಕೇಳದಿದ್ದರೂ ಸಿಗುತ್ತದೆ, ಅದು ನಿಯ್ಯತ್ ಅನ್ನು ಅಳಿಸುವುದಿಲ್ಲ.

ಕಷ್ಟ ಇರುವುದು ಬೇರೆ ಕಡೆ. ನಿಯ್ಯತ್ ಸರಿಯಾಗಿದೆ, ಹೊತ್ತಿಗೆ ಮಾಡಿದ್ದಾರೆ, ಆದರೆ ದಿನವಿಡೀ ಸುಳ್ಳು, ಚಾಡಿ. ಸುಳ್ಳು ಬಿಡದವನು ಅನ್ನ ನೀರು ಬಿಡುವುದು ದೇವರಿಗೆ ಬೇಕಿಲ್ಲ ಎಂಬ ಹದೀಸ್, ಅಂದರೆ ಪ್ರವಾದಿಯವರ ಮಾತಿನ ವರದಿ, ಇದೆ. ಹೆಚ್ಚಿನ ಪಂಡಿತರು ಇಂಥ ಉಪವಾಸ ನಿಯಮದ ಪ್ರಕಾರ ಊರ್ಜಿತ, ಪುಣ್ಯ ಮಾತ್ರ ಇಲ್ಲ ಎಂದರು. ಸ್ಪೇನಿನ ಇಬ್ನ್ ಹಜ್ಮ್ (ನಿಧನ 1064) ಒಪ್ಪಲಿಲ್ಲ. ಬೇಕೆಂದೇ ಪಾಪ ಮಾಡಿದರೆ ಊಟ ಮಾಡಿದಂತೆಯೇ ಉಪವಾಸ ಮುರಿಯುತ್ತದೆ ಎಂದರು. ಇಮಾಮ್ ಗಜ್ಜಾಲಿ (ನಿಧನ 1111) ಇನ್ನೊಂದು ದಾರಿ ಹಿಡಿದರು. ಬರೀ ಹೊಟ್ಟೆಯದು ಸಾಮಾನ್ಯರ ಉಪವಾಸ, ಕಣ್ಣು, ಕಿವಿ, ನಾಲಿಗೆಯದೂ ಸೇರಿದರೆ ಅದರ ಮೇಲಿನದು, ಮನಸ್ಸು ದೇವರಲ್ಲದೆ ಬೇರೆ ಯಾವುದನ್ನೂ ನೆನೆಯದಿದ್ದರೆ ಎಲ್ಲಕ್ಕಿಂತ ಮೇಲಿನದು ಎಂದು ಮೂರು ಮಟ್ಟ ಮಾಡಿದರು. ಹಗಲೆಲ್ಲ ಬಿಟ್ಟದ್ದನ್ನು ಇಫ್ತಾರಿನಲ್ಲಿ ಒಟ್ಟಿಗೆ ಉಣ್ಣುವವರನ್ನೂ ಅವರು ಸುಮ್ಮನೆ ಬಿಡಲಿಲ್ಲ. ಅಂಥ ಉಪವಾಸದಿಂದ ಏನು ಸಾಧಿಸಿದ ಹಾಗಾಯಿತು ಎಂದು ಕೇಳಿದರು.