ಎಂಟು ರವಿಕೆ ಕತ್ತರಿಸುವ ಮುನ್ನ: ಉಬ್ಬರದ ಅಳತೆ, ತೂಕದ ಅಳತೆ

ಮದುವೆಗೆಂದು ಒಟ್ಟಿಗೆ ಏಳೆಂಟು ರವಿಕೆ ಹೊಲಿಸುವವರು ಸಾಮಾನ್ಯವಾಗಿ ಸೀರೆ ಕೊಂಡ ದಿನವೇ, ಹೋಟೆಲಿನಲ್ಲಿ ಊಟ ಮುಗಿಸಿಕೊಂಡು, ಸಂಜೆಯ ಹೊತ್ತಿಗೆ ಅಳತೆ ಕೊಡಲು ಬರುತ್ತಾರೆ. ಅಳತೆಗೆ ಇದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇದ್ದುದಕ್ಕಿಂತ ಸಂಜೆ ಎದೆಯ ಕೆಳಗಿನ ಸುತ್ತಳತೆ ಅರ್ಧ ಇಂಚು, ಕೆಲವರಲ್ಲಿ ಒಂದು ಇಂಚಿನವರೆಗೂ ಹೆಚ್ಚಿರುತ್ತದೆ. ಊಟ, ವಾಯು, ಉಪ್ಪಿನಿಂದ ದೇಹ ಹಿಡಿದಿಟ್ಟುಕೊಂಡ ನೀರು, ಇವೆಲ್ಲ ಪಕ್ಕೆಲುಬಿನ ಕೆಳಭಾಗವನ್ನು ಹೊರಕ್ಕೆ ತಳ್ಳುತ್ತವೆ; ರವಿಕೆಯ ಕೆಳಪಟ್ಟಿ ಬಿಗಿಯಾಗಿ ಕೂರಬೇಕಾದದ್ದೂ ಅಲ್ಲಿಯೇ. ಮುಟ್ಟಿನ ಹಿಂದಿನ ಕೆಲವು ದಿನಗಳಲ್ಲಿ ಮತ್ತು ಮೊದಲ ದಿನ ಇದರ ಮೇಲೆ ಎದೆಯ ಬಿಗಿತವೂ ಸೇರುವುದರಿಂದ ಎದೆಯ ಅಳತೆಯೂ ಹೆಚ್ಚುತ್ತದೆ.

ಆದ್ದರಿಂದ ಅಳತೆ ಬದಲಾಗಿದೆಯೇ ಎಂಬುದಕ್ಕಿಂತ ಯಾವ ಜಾಗದಲ್ಲಿ ಬದಲಾಗಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಹೊಟ್ಟೆಯುಬ್ಬರ ಮುಖ್ಯವಾಗಿ ಎದೆಯ ಕೆಳಗೆ ಮತ್ತು ಸೊಂಟದಲ್ಲಿ ಕಾಣಿಸುತ್ತದೆ, ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ತೋಳಿನ ಮೇಲ್ಭಾಗವನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ. ತೂಕ ನಿಜವಾಗಿ ಇಳಿದಾಗ ಅಥವಾ ಏರಿದಾಗ ತೋಳಿನ ಸುತ್ತಳತೆ ಮತ್ತು ಕಂಕುಳಿನ ಹಿಂಭಾಗವೂ ಬದಲಾಗುತ್ತವೆ. ಭುಜದ ಅಗಲ ಮತ್ತು ಬೆನ್ನಿನ ಉದ್ದ ಮಾತ್ರ ಬಹುತೇಕ ಹಾಗೆಯೇ ಉಳಿಯುತ್ತವೆ. ಭಾರ ಎತ್ತುವ ವ್ಯಾಯಾಮ ಮಾಡುವವರಲ್ಲಿ ಸೊಂಟ ಇಳಿಯುವಾಗಲೇ ತೋಳು ದಪ್ಪವಾಗಬಹುದಾದ್ದರಿಂದ, ಅವರ ವಿಷಯದಲ್ಲಿ ತೋಳನ್ನು ಮಾತ್ರ ನಂಬುವಂತಿಲ್ಲ.

ಕಳೆದ ವರ್ಷ ವೈಶಾಖದ ಮದುವೆಯೊಂದಕ್ಕೆ ಎಂಟು ರವಿಕೆಗಳ ಕೆಲಸ ಬಂದಿತ್ತು. ಅವುಗಳಲ್ಲಿ ನಾಲ್ಕಕ್ಕೆ ಆರಿ ಕಸೂತಿ. ಜನವರಿಯ ಒಂದು ಸಂಜೆ ತೆಗೆದ ಅಳತೆಯಲ್ಲಿ ಎದೆ 36 ಇಂಚು, ಎದೆಯ ಕೆಳಗೆ 31½, ತೋಳು 12. ಮರುದಿನ ಬೆಳಿಗ್ಗೆ ತಿಂಡಿಗೆ ಮೊದಲು, ಅದೇ ಒಳ ಉಡುಪಿನಲ್ಲಿ, ಉಸಿರನ್ನು ಸಹಜವಾಗಿ ಹೊರಬಿಟ್ಟ ಕೊನೆಯಲ್ಲಿ ಟೇಪು ಹಿಡಿದಾಗ ಎದೆ 35½, ಕೆಳಗೆ 30½ ಬಂತು. ತೋಳು 12 ಆಗಿಯೇ ಇತ್ತು. ಇದು ಉಬ್ಬರದ ವ್ಯತ್ಯಾಸ ಎಂದು ಬೆಳಗಿನ ಅಳತೆಯನ್ನೇ ಆಧಾರವಾಗಿಟ್ಟುಕೊಂಡು, ಸಂಜೆಯ ಅಳತೆಯನ್ನು ಪಕ್ಕದಲ್ಲಿ ಬರೆದಿಟ್ಟೆ. ಮುಹೂರ್ತ ಬೆಳಿಗ್ಗೆಯಾದರೂ ಆರತಕ್ಷತೆ ಸಂಜೆಯದ್ದು. ಆ ರವಿಕೆಗೆ ಸಂಜೆಯ ಅಂಕಿಯೂ ಬೇಕಾಗುತ್ತದೆ.

ಆಮೇಲೆ ಒಂದು ಸಾದಾ ರವಿಕೆಯನ್ನಷ್ಟೇ ಹೊಲಿದು ಕೊಟ್ಟು ಉಳಿದವನ್ನು ಕತ್ತರಿಸದೆ ಇಟ್ಟೆ. ಮಾರ್ಚ್‌ನಲ್ಲಿ ಅದೇ ಕ್ರಮದಲ್ಲಿ ಮತ್ತೆ ಅಳೆದಾಗ ಎದೆ 34½, ಕೆಳಗೆ 29½, ತೋಳು 11¼. ಹುಡುಗಿ ಸುಮಾರು ನಾಲ್ಕು ಕಿಲೋ ಇಳಿದಿದ್ದಳು. ತೋಳು ಮುಕ್ಕಾಲು ಇಂಚು ಇಳಿದದ್ದರಿಂದ ಇದು ಉಬ್ಬರದ ಆಟವಲ್ಲ ಎಂಬುದು ಸ್ಪಷ್ಟವಾಯಿತು. ಹೊಲಿದಿದ್ದ ಸಾದಾ ರವಿಕೆಯನ್ನು ಪಕ್ಕದ ಹೊಲಿಗೆಗಳಲ್ಲಿ ಒಂದು ಇಂಚು ಬಿಗಿಗೊಳಿಸಿ, ಉಳಿದ ಏಳನ್ನೂ ಹೊಸ ಅಳತೆಗೆ ಗುರುತು ಹಾಕಲಾಯಿತು.

ಹೀಗೆ ಕಾಯುವುದಕ್ಕೆ ಮುಖ್ಯ ಕಾರಣ ಆರಿ ಕೆಲಸ. ಬಟ್ಟೆಯನ್ನು ಕತ್ತರಿಸುವ ಮೊದಲೇ ಅದರ ಮೇಲೆ ಕತ್ತು, ತೋಳು, ಕಂಕುಳಿನ ಗೆರೆ ಬರೆದು, ಚೌಕಟ್ಟಿಗೆ ಬಿಗಿದು ಮಣಿ ಜರಿ ಕೂರಿಸುತ್ತಾರೆ. ಒಮ್ಮೆ ಕಸೂತಿ ಬಿದ್ದ ಮೇಲೆ ಕತ್ತಿನ ಆಕಾರವನ್ನಾಗಲಿ ತೋಳಿನ ಅಂಚನ್ನಾಗಲಿ ಸರಿಸಲಾಗದು. ಉಳಿಯುವುದು ಪಕ್ಕದ ಹೊಲಿಗೆಯಲ್ಲಿ ಬಿಟ್ಟ ಮಾರ್ಜಿನ್ ಮಾತ್ರ. ಎರಡೂ ಪಕ್ಕಗಳಲ್ಲಿ ಮುಂದಿನ ತುಂಡಿಗೂ ಹಿಂದಿನ ತುಂಡಿಗೂ ಒಂದೊಂದು ಇಂಚು ಬಿಟ್ಟಿದ್ದರೆ, ಹೊಲಿಗೆ ನಿಲ್ಲಲು ಬೇಕಾದಷ್ಟನ್ನು ಕಳೆದರೆ ಒಟ್ಟು ಸುಮಾರು ಎರಡು ಇಂಚು ಬಿಚ್ಚಬಹುದು. ಆದರೂ ಒಂದೂವರೆ ಇಂಚಿಗಿಂತ ಹೆಚ್ಚು ಬಿಚ್ಚಿದರೆ ಅಥವಾ ಹಿಡಿದರೆ ಎದೆಯ ಆಕಾರಕ್ಕೆಂದು ಹಿಡಿದ ಮಡಿಕೆಯ, ಅಂದರೆ ಟಕ್ಸ್‌ನ, ತುದಿ ಎದೆಯ ಮಧ್ಯದಿಂದ ಸರಿದು, ಕಂಕುಳಿನ ಬಳಿ ಓರೆಯಾಗಿ ಸುಕ್ಕು ಬೀಳುತ್ತದೆ. ಆ ಸುಕ್ಕನ್ನು ಇಸ್ತ್ರಿ ತೆಗೆಯಲಾರದು.

ಇದರಿಂದ ಮರು ಅಳತೆಯ ವೇಳಾಪಟ್ಟಿ ತಾನಾಗಿಯೇ ಸಿಗುತ್ತದೆ. ಆರಿಗೆ ಗುರುತು ಹಾಕುವ ವಾರದಲ್ಲಿ ಒಮ್ಮೆ ಅಳೆಯಲೇಬೇಕು. ತೂಕ ಎರಡು ಮೂರು ಕಿಲೋ ಬದಲಾಗಿದ್ದರೆ, ಅಥವಾ ಅದೇ ಹೊತ್ತಿನಲ್ಲಿ ತೆಗೆದ ತೋಳಿನ ಅಳತೆ ಅರ್ಧ ಇಂಚು ಹೆಚ್ಚುಕಡಿಮೆಯಾಗಿದ್ದರೆ, ಕತ್ತರಿ ಮುಟ್ಟದೆ ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು. ತೂಕ ಇನ್ನೂ ಇಳಿಯುತ್ತಲೇ ಇದ್ದರೆ ಸಾದಾ ರವಿಕೆಗಳನ್ನು ಮದುವೆಗೆ ಮೂರು ವಾರ ಇರುವವರೆಗೆ ಹಿಂದಕ್ಕಿಡುವುದು ಒಳ್ಳೆಯದು. ಎದೆಯ ಕೆಳಗೆ ಮಾತ್ರ ವ್ಯತ್ಯಾಸ ಬಂದು ತೋಳು ಕದಲದಿದ್ದರೆ ಮರು ಅಳತೆಯ ಗೊಡವೆಯೇ ಬೇಡ. ಹುಕ್ಕಿನ ಪಟ್ಟಿಯಲ್ಲಿ ಅರ್ಧ ಇಂಚಿನ ಅಂತರಕ್ಕೆ ಎರಡನೆಯ ಸಾಲು ಕಾಜ ಹಾಕಿಸಿದರೆ ಬೆಳಿಗ್ಗೆ ಒಳಸಾಲು, ಸಂಜೆ ಹೊರಸಾಲು ಎಂದು ಬಳಸಬಹುದು.

ಕೇಳಲು ಸಂಕೋಚವೆನಿಸಿದರೂ ನಾನು ತಪ್ಪದೆ ಕೇಳುವ ಇನ್ನೊಂದು ವಿಷಯವಿದೆ: ಮದುವೆಯ ದಿನಕ್ಕೆ ಮುಟ್ಟು ಬರದಂತೆ ಮಾತ್ರೆ ತೆಗೆದುಕೊಳ್ಳುವ ಯೋಚನೆ ಇದೆಯೇ ಎಂಬುದು. ಆ ಮಾತ್ರೆಗಳಿಂದ ಕೆಲವರಿಗೆ ಹೊಟ್ಟೆಯುಬ್ಬರವೂ ಎದೆಯ ಬಿಗಿತವೂ ಬರುತ್ತವೆ. ಮಾತ್ರೆ ಬೇಕೇ ಬೇಡವೇ ಎಂಬುದು ವೈದ್ಯರಿಗೆ ಬಿಟ್ಟ ಮಾತು. ಹೌದು ಎಂದವರ ಮುಹೂರ್ತದ ರವಿಕೆಗೂ ನಾನು ಆ ಎರಡನೆಯ ಸಾಲು ಕಾಜ ಹಾಕಿಸುತ್ತೇನೆ.