ವಿಡಿಯೊ ಕತ್ತರಿಸಿದ ಮೇಲೂ ಡಿಸ್ಕಾರ್ಡ್‌ನಲ್ಲಿ ಹೋಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಮೂರು ನಿಮಿಷ ಸ್ಕ್ರೀನ್ ರೆಕಾರ್ಡ್ ಮಾಡಿದ್ದೆ. 96 ಎಂಬಿ ಇತ್ತು. ಬೇಡದ್ದನ್ನೆಲ್ಲ ಕತ್ತರಿಸಿ 90 ಸೆಕೆಂಡಿಗೆ ಇಳಿಸಿದೆ. ಆದರೂ 48 ಎಂಬಿ ಇದೆ. ಡಿಸ್ಕಾರ್ಡ್‌ನ ಉಚಿತ ಖಾತೆಯಲ್ಲಿ 10 ಎಂಬಿ ದಾಟಿದ ಫೈಲ್ ಹೋಗಲ್ಲ. ಇನ್ನೂ ಎಷ್ಟು ಕತ್ತರಿಸಲಿ?

ಉತ್ತರ: ಇನ್ನು ಕತ್ತರಿಸಬೇಡಿ. ನಿಮಗೆ ಬೇಕಾದ ಭಾಗವೇ ಹೋಗಿಬಿಡುತ್ತದೆ.

ಅರ್ಧ ಕತ್ತರಿಸಿದಿರಿ, ಗಾತ್ರವೂ ಸರಿಯಾಗಿ ಅರ್ಧ ಆಯಿತು, ಅಲ್ವಾ? ಅಂದರೆ ಉಳಿದ ಪ್ರತಿ ಸೆಕೆಂಡಿಗೆ ಮೊದಲಿನಷ್ಟೇ ಡೇಟಾ ಖರ್ಚಾಗುತ್ತಿದೆ. ಇದನ್ನೇ ಬಿಟ್‌ರೇಟ್ ಅನ್ನುತ್ತಾರೆ. ಇಳಿಸಬೇಕಾದದ್ದು ಅದನ್ನು.

ಎಷ್ಟಕ್ಕೆ ಇಳಿಸಬೇಕು ಅನ್ನೋದನ್ನು ಊಹಿಸಬೇಕಿಲ್ಲ, ಲೆಕ್ಕ ಹಾಕಬಹುದು. ಒಂದು ಎಂಬಿ ಅಂದರೆ ಸುಮಾರು 8000 ಕಿಲೋಬಿಟ್. ಹತ್ತು ಎಂಬಿಗೆ 80,000. ಅದನ್ನು 90 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 888 ಸಿಗುತ್ತದೆ. ಧ್ವನಿಗೆ 64 ತೆಗೆದಿಡಿ. ಅಂಚಿಗೆ ತಾಗದ ಹಾಗೆ ಸ್ವಲ್ಪ ಬಿಟ್ಟು ಚಿತ್ರಕ್ಕೆ 750 ಕೊಡಿ. ಫೈಲ್ 9 ಎಂಬಿಗಿಂತ ಚೂರು ಜಾಸ್ತಿ ಬರುತ್ತದೆ.

ಈಗ ವಿಡಿಯೊ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ತೆರೆಯಿರಿ. ಇದು ಉಚಿತ; ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ. ಕತ್ತರಿಸಿದ ವಿಡಿಯೊವನ್ನು ಅದರೊಳಗೆ ಹಾಕಿ, Video ಟ್ಯಾಬ್‌ನಲ್ಲಿ Constant Quality ಬದಲು Avg Bitrate ಆರಿಸಿ 750 ಬರೆಯಿರಿ. ಪಕ್ಕದಲ್ಲೇ ಇರುವ Multi-Pass ಗುರುತು ಹಾಕಿ (ಹಳೆಯ ಆವೃತ್ತಿಗಳಲ್ಲಿ 2-Pass). ಆಗ ಅದು ವಿಡಿಯೊವನ್ನು ಮೊದಲು ಒಮ್ಮೆ ಪೂರ್ತಿ ನೋಡಿಕೊಳ್ಳುತ್ತದೆ. ಪರದೆ ಅಲುಗಾಡದೆ ನಿಂತ ಕಡೆ ಕಡಿಮೆ ಖರ್ಚು ಮಾಡಿ, ಪುಟ ಸರಸರ ಸರಿಯುವ ಕಡೆಗೆ ಜಾಸ್ತಿ ಉಳಿಸಿಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಗಾತ್ರ ಹೇಳಿದಷ್ಟರ ಹತ್ತಿರವೇ ಬರುತ್ತದೆ. Audio ಟ್ಯಾಬ್‌ನಲ್ಲಿ 64 ಹಾಕಿ. ಮಾತೇ ಇಲ್ಲದಿದ್ದರೆ ಧ್ವನಿಯನ್ನು ತೆಗೆದೇಬಿಡಿ.

ಅದೇ Video ಟ್ಯಾಬ್‌ನಲ್ಲಿ Framerate ಅನ್ನು, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದನ್ನು, 15ಕ್ಕೆ ಇಳಿಸಿ; ಆಗ ಅದೇ 750ರಲ್ಲಿ ಪ್ರತಿ ಫ್ರೇಮಿಗೂ ಜಾಸ್ತಿ ಡೇಟಾ ಸಿಗುತ್ತದೆ. ತುಂಬ ಜನ ಇದನ್ನು ಬಿಟ್ಟು ಮೊದಲು ಕೈ ಹಾಕುವುದು ಅಳತೆಗೆ, ಅಂದರೆ 1080 ಇದ್ದದ್ದನ್ನು 480 ಮಾಡಿಬಿಡುತ್ತಾರೆ. ಕ್ರಿಕೆಟ್ ವಿಡಿಯೊಗೆ ಅದು ನಡೆದೀತು. ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಜನ ನೋಡುವುದೇ ಅಕ್ಷರ. ಅಳತೆ ಇಳಿದರೆ ಮೆನುವಿನ ಸಣ್ಣ ಅಕ್ಷರ, ಕನ್ನಡದ ಒತ್ತು, ಎಲ್ಲ ಕಲಸಿಹೋಗುತ್ತವೆ. ಫ್ರೇಮ್ ಕಡಿಮೆಯಾದರೆ ಮೌಸ್ ಸ್ವಲ್ಪ ಜಿಗಿದ ಹಾಗೆ ಕಾಣುತ್ತದೆ, ಅಷ್ಟೇ.

ಕಳಿಸುವ ಮೊದಲು ಪುಟ ಸರಿಯುವ ಜಾಗದಲ್ಲಿ ವಿಡಿಯೊ ನಿಲ್ಲಿಸಿ ನೋಡಿ. ಸರಿಯುವಾಗ ಮಸುಕಾಗಿ, ನಿಂತ ಕೂಡಲೇ ಅಕ್ಷರ ತಿಳಿಯಾದರೆ ಚಿಂತೆಯಿಲ್ಲ. ನಿಂತ ಮೇಲೂ ಅಕ್ಷರದ ಸುತ್ತ ಕೊಳೆ ಮೆತ್ತಿದ ಹಾಗಿದ್ದರೆ 750 ಸಾಲುತ್ತಿಲ್ಲ ಎಂದರ್ಥ. ಆಗ ಮಾತ್ರ ಅಳತೆಯನ್ನು 720ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ಐದು ನಿಮಿಷದ ವಿಡಿಯೊ ಆದರೆ ಇದೇ ಲೆಕ್ಕದಲ್ಲಿ ಚಿತ್ರಕ್ಕೆ 200 ಕೂಡ ಉಳಿಯುವುದಿಲ್ಲ. ಅಂಥದ್ದನ್ನು ಎರಡು ಮೂರು ತುಂಡು ಮಾಡಿ ಕಳಿಸಿ, ಇಲ್ಲವೇ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ.