90 ದಿನದ ಸಾಲಕ್ಕೆ ಎರಡು ಬಡ್ಡಿ ಲೆಕ್ಕ: ಯಾವುದು ಸರಿ?

ಪ್ರಶ್ನೆ: ಮಾರ್ಚ್ 10ಕ್ಕೆ 73,000 ಸಾಲ ತೆಗೆದುಕೊಂಡು ಜೂನ್ 8ಕ್ಕೆ ತೀರಿಸಿದೆ. ವರ್ಷಕ್ಕೆ ಶೇ. 12 ಸರಳ ಬಡ್ಡಿ ಅಂತ ಮಾತಾಗಿತ್ತು. ನಾನು ಲೆಕ್ಕ ಹಾಕಿದರೆ ಬಡ್ಡಿ 2,160 ಬರುತ್ತದೆ. ಸಾಲ ಕೊಟ್ಟವರು 2,190 ಕೇಳುತ್ತಿದ್ದಾರೆ. ಅಸಲು ಅದೇ, ದರ ಅದೇ, ದಿನಾನೂ ಅಷ್ಟೇ. ತಪ್ಪು ಯಾರದ್ದು?

ಉತ್ತರ: ಕೂಡಿ ಕಳೆಯುವುದರಲ್ಲಿ ಇಬ್ಬರೂ ತಪ್ಪಿಲ್ಲ. ನೀವು ವರ್ಷಕ್ಕೆ 365 ದಿನ ಹಿಡಿದಿದ್ದೀರಿ, ಅವರು 360 ಹಿಡಿದಿದ್ದಾರೆ. ನಿಮ್ಮದನ್ನು ನಿಖರ ಬಡ್ಡಿ ಅಂತಲೂ, ಅವರದ್ದನ್ನು ಸಾಧಾರಣ ಬಡ್ಡಿ ಅಂತಲೂ ಕರೆಯುತ್ತಾರೆ. ಎರಡೂ ಚಾಲ್ತಿಯಲ್ಲಿರುವ ಪದ್ಧತಿಗಳೇ. ಹಾಗಾಗಿ ನೋಡಬೇಕಾದ್ದು ಸಾಲದ ಪತ್ರದಲ್ಲಿ ಯಾವುದನ್ನು ಬರೆದಿದೆ ಅನ್ನೋದನ್ನು.

ಮೊದಲು ನಿಮ್ಮ ಲೆಕ್ಕವನ್ನೇ ಬಿಡಿಸಿ ನೋಡೋಣ. 73,000ಕ್ಕೆ ಶೇ. 12 ಅಂದರೆ ಇಡೀ ವರ್ಷಕ್ಕೆ 8,760 ಬಡ್ಡಿ. ಇದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸರಿಯಾಗಿ 24. ಅದನ್ನೇ 360ರಿಂದ ಭಾಗಿಸಿದರೆ ದಿನಕ್ಕೆ 24.33 ಚಿಲ್ಲರೆ. ಒಂದು ದಿನಕ್ಕೆ ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. 90 ದಿನಕ್ಕೆ ಅದು ಹೀಗಾಗುತ್ತದೆ:

ನಿಖರ ಬಡ್ಡಿ: 73,000 × 0.12 × 90 ÷ 365 = 2,160
ಸಾಧಾರಣ ಬಡ್ಡಿ: 73,000 × 0.12 × 90 ÷ 360 = 2,190

ವ್ಯತ್ಯಾಸ 30. ದಿನಗಳ ಎಣಿಕೆ ಒಂದೇ ಆಗಿದ್ದರೆ 360ರ ಲೆಕ್ಕದಲ್ಲಿ ಬಡ್ಡಿ ಯಾವಾಗಲೂ 365ರ ಲೆಕ್ಕಕ್ಕಿಂತ 72ಕ್ಕೆ 1ರಷ್ಟು ಜಾಸ್ತಿ ಇರುತ್ತದೆ. 2,160ನ್ನು 72ರಿಂದ ಭಾಗಿಸಿ ನೋಡಿ, 30 ಬರುತ್ತದೆ. ಅಸಲು, ದರ, ದಿನ ಏನೇ ಬದಲಾದರೂ ಈ ಪ್ರಮಾಣ ಬದಲಾಗಲ್ಲ.

ವರ್ಷಕ್ಕೆ 365 ದಿನ ಇದ್ದರೂ 360 ಯಾಕೆ ಹಿಡಿಯುತ್ತಾರೆ ಅಂತ ನೀವು ಕೇಳಬಹುದು. ಕಾರಣ ಬಾಯಿಲೆಕ್ಕದ ಅನುಕೂಲ. 365ನ್ನು ಶೇಷ ಉಳಿಯದಂತೆ ಭಾಗಿಸಲು 5 ಮತ್ತು 73 ಬಿಟ್ಟರೆ ಹೆಚ್ಚು ಸಂಖ್ಯೆಗಳಿಲ್ಲ. 360 ಹಾಗಲ್ಲ: 2, 3, 4, 5, 6, 8, 9, 10, 12 ಎಲ್ಲದರಿಂದಲೂ ಭಾಗವಾಗುತ್ತದೆ. 30 ದಿನ ಅಂದರೆ ವರ್ಷದ ಹನ್ನೆರಡನೇ ಒಂದು ಪಾಲು, 60 ದಿನ ಆರನೇ ಒಂದು, 90 ದಿನ ಕಾಲು ವರ್ಷ. ಶೇ. 6ರ ದರದಲ್ಲಿ 60 ದಿನಕ್ಕೆ ಬಡ್ಡಿ ಅಸಲಿನ ಶೇ. 1, ದಶಮಾಂಶ ಚುಕ್ಕಿಯನ್ನು ಎರಡು ಮನೆ ಎಡಕ್ಕೆ ಸರಿಸಿದರೆ ಮುಗಿಯಿತು. ನಿಮ್ಮ ಸಾಲದಲ್ಲೂ ಅಷ್ಟೇ: ಶೇ. 12ರ ಕಾಲು ಭಾಗ ಶೇ. 3, 73,000ದ ಶೇ. 3 ಅಂದರೆ 2,190. ಕೈಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲಕ್ಕೆ ಇದು ದೊಡ್ಡ ಅನುಕೂಲವೇ. ಈಗ ಕ್ಯಾಲ್ಕುಲೇಟರ್ ಇದ್ದರೂ ಪದ್ಧತಿ ಉಳಿದುಕೊಂಡಿದೆ. ಡಾಲರ್ ಮತ್ತು ಯೂರೋದ ಅಲ್ಪಾವಧಿ ಹಣದ ಮಾರುಕಟ್ಟೆ ಇವತ್ತಿಗೂ 360ರ ಮೇಲೆ ನಡೆಯುತ್ತದೆ, ಬ್ರಿಟಿಷ್ ಪೌಂಡಿನದ್ದು 365ರ ಮೇಲೆ.

ಇನ್ನು ದಿನಗಳ ಎಣಿಕೆ. ಜಗಳ ನಿಜವಾಗಿ ಹುಟ್ಟುವುದು ಇಲ್ಲೇ. ನಿಮ್ಮ 90 ದಿನ ಹೇಗೆ ಬಂತು? ಸಾಲ ಪಡೆದ ದಿನ ಬಿಟ್ಟು, ತೀರಿಸಿದ ದಿನ ಸೇರಿಸಿ ಎಣಿಸುವುದು ರೂಢಿ. ಮಾರ್ಚ್‌ನಲ್ಲಿ 21, ಏಪ್ರಿಲ್‌ನಲ್ಲಿ 30, ಮೇನಲ್ಲಿ 31, ಜೂನ್‌ನಲ್ಲಿ 8. ಒಟ್ಟು 90. ಎರಡೂ ತುದಿಯ ದಿನ ಸೇರಿಸಿದರೆ 91 ಆಗಿ, ಸುಮ್ನೆ ಒಂದು ದಿನದ ಬಡ್ಡಿ ಹೆಚ್ಚಾಗುತ್ತದೆ.

ಇನ್ನೊಂದು ಎಣಿಕೆಯೂ ಇದೆ. ಅದರಲ್ಲಿ ಪ್ರತಿ ತಿಂಗಳಿಗೂ 30 ದಿನ. ಮಾರ್ಚ್ 10ರಿಂದ ಮೇ 10ಕ್ಕೆ ಎರಡು ತಿಂಗಳು, ಅಂದರೆ 60 ದಿನ. ಅಲ್ಲಿಂದ ಜೂನ್ 8ಕ್ಕೆ 28 ದಿನ. ಒಟ್ಟು 88. ವರ್ಷಕ್ಕೆ 360 ಹಿಡಿದು ಈ 88 ದಿನಕ್ಕೆ ಲೆಕ್ಕ ಹಾಕಿದರೆ ಬಡ್ಡಿ 2,141.33. ಇದು ನಿಮ್ಮ 2,160ಕ್ಕಿಂತಲೂ ಕಮ್ಮಿ! ಹಾಗಾಗಿ 360 ಅಂದ ಕೂಡಲೇ ಬಡ್ಡಿ ಜಾಸ್ತಿ ಅಂತ ತೀರ್ಮಾನಕ್ಕೆ ಬರಬೇಡಿ. ತಿಂಗಳನ್ನೂ 30 ದಿನ ಅಂತಲೇ ಹಿಡಿದರೆ ವರ್ಷವನ್ನು 360 ಅನ್ನುವುದಕ್ಕೆ ಒಂದು ಹೊಂದಾಣಿಕೆ ಇದೆ, ಹನ್ನೆರಡು ತಿಂಗಳಿಗೆ ಸರಿಯಾಗಿ 360 ಆಗುತ್ತದೆ. ನಿಮಗೆ ಸಾಲ ಕೊಟ್ಟವರು ಮಾಡಿರುವುದು ಬೇರೆ. ಕ್ಯಾಲೆಂಡರ್ ನೋಡಿ ಒಂದೊಂದು ದಿನವನ್ನೂ ಎಣಿಸಿದ್ದಾರೆ, ಆದರೆ ಭಾಗಿಸಿದ್ದು 360ರಿಂದ. ಇದಕ್ಕೆ ಬ್ಯಾಂಕರ್ಸ್ ರೂಲ್ ಎನ್ನುವ ಹೆಸರಿದೆ. ಸಾಲ ಕೊಡುವವರಿಗೆ ಲಾಭ ತರುವ ಜೋಡಿ ಇದು. ಈ ಲೆಕ್ಕದಲ್ಲಿ ಇಡೀ 365 ದಿನ ಸಾಲ ಇಟ್ಟುಕೊಂಡಿದ್ದರೆ ಬಡ್ಡಿ 8,760 ಆಗದೆ 8,881.67 ಆಗುತ್ತಿತ್ತು. ಅಂದರೆ ಬಾಯಲ್ಲಿ ಹೇಳಿದ ಶೇ. 12 ನಿಜಕ್ಕೂ ಶೇ. 12.17ರ ಹತ್ತಿರ. ಪತ್ರದಲ್ಲಿ ಇದನ್ನು ಬರೆದು ನೀವು ಒಪ್ಪಿದ್ದರೆ ಅದು ಮೋಸವಲ್ಲ. ಆದರೆ ಬರೀ 'ವರ್ಷಕ್ಕೆ ಶೇ. 12' ಅಂತಷ್ಟೇ ಇದ್ದರೆ, ಯಾವ ಆಧಾರದ ಮೇಲೆ 360 ಹಿಡಿದಿರಿ ಅಂತ ಕೇಳುವುದು ನ್ಯಾಯವಾದ ಪ್ರಶ್ನೆ ಅಂತ ನನ್ನ ಅಭಿಪ್ರಾಯ.

ಪತ್ರ ಕೈಯಲ್ಲಿಲ್ಲದಿದ್ದರೂ ಯಾವ ಲೆಕ್ಕ ಬಳಸಿದ್ದಾರೆ ಅಂತ ಪತ್ತೆ ಹಚ್ಚಬಹುದು. ಅವರು ಕೇಳಿದ ಬಡ್ಡಿಯನ್ನು 365ರ ಲೆಕ್ಕದ ಒಂದು ದಿನದ ಬಡ್ಡಿಯಿಂದ ಭಾಗಿಸಿ. 2,190 ÷ 24 = 91.25. ಕಾಲು ದಿನಕ್ಕೆ ಬಡ್ಡಿ ಹಾಕುವವರಿಲ್ಲ ಅಲ್ವಾ? ಹಾಗಾದರೆ 365 ಬಳಸಿಲ್ಲ. ಈಗ 360ರ ಲೆಕ್ಕದಲ್ಲಿ ನೋಡಿ: 2,190 × 360 ÷ 8,760 = 90. ಪೂರ್ಣ ಸಂಖ್ಯೆ, ಅದೂ ನಿಮ್ಮ ಕ್ಯಾಲೆಂಡರ್ ಎಣಿಕೆಗೆ ಸರಿಯಾಗಿ ಕೂರುತ್ತದೆ. ಇದೇ ರೀತಿ ಮಾಡಿದಾಗ 88 ಬಂದಿದ್ದರೆ 30 ದಿನದ ತಿಂಗಳು, 91 ಬಂದಿದ್ದರೆ ಎರಡೂ ತುದಿಯ ದಿನ ಸೇರಿದೆ ಅಂತ ಗೊತ್ತಾಗುತ್ತಿತ್ತು. ಚಿಲ್ಲರೆ ಪೂರ್ಣಗೊಳಿಸಿದ್ದರೆ ಉತ್ತರ ಒಂಚೂರು ಆಚೀಚೆ ಆಗುತ್ತದೆ, ಆದರೆ ಕಾಲು ದಿನದಷ್ಟು ಹೋಗಲ್ಲ. ಸಾಲದ ಮೊತ್ತ ತೀರಾ ಸಣ್ಣದಾಗಿದ್ದರೆ ಮಾತ್ರ ಈ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ.

ಅಧಿಕ ವರ್ಷದಲ್ಲಿ ಕೆಲವರು 366ರಿಂದ ಭಾಗಿಸುತ್ತಾರೆ, ಆಗ ನಿಮ್ಮ ಬಡ್ಡಿ 2,154.10ಕ್ಕೆ ಇಳಿಯುತ್ತದೆ. ಇನ್ನು ಕೆಲವರು ಆಗಲೂ 365ನ್ನೇ ಇಟ್ಟುಕೊಳ್ಳುತ್ತಾರೆ. ಇದೂ ಪತ್ರದಲ್ಲಿ ಇರಬೇಕಾದ ವಿಷಯ.

ಮುಂದೆ ಎರಡು ಕಡೆ ಸಾಲ ವಿಚಾರಿಸುವಾಗ ದರವನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡಬೇಡಿ. ಒಬ್ಬರು 360ರ ಲೆಕ್ಕದಲ್ಲಿ ಶೇ. 11.9, ಇನ್ನೊಬ್ಬರು 365ರ ಲೆಕ್ಕದಲ್ಲಿ ಶೇ. 12 ಹೇಳಿದರು ಅಂದುಕೊಳ್ಳಿ. 11.9 ಅಗ್ಗ ಅನ್ನಿಸುತ್ತದೆ. ಅದನ್ನು 73ರಿಂದ ಗುಣಿಸಿ 72ರಿಂದ ಭಾಗಿಸಿ, 12.07 ಬರುತ್ತದೆ. ಅದೇ 73,000ಕ್ಕೆ 90 ದಿನದ ಬಡ್ಡಿ ಮೊದಲನೆಯವರಲ್ಲಿ 2,171.75, ಎರಡನೆಯವರಲ್ಲಿ 2,160.